ಹೆಬ್ಬೆರಳಿನ ಸಂದಿಯಲ್ಲಿ ಚಪ್ಪಲಿ ಕಚ್ಚುತ್ತಿದೆ, ನಂಬರ್ ಬದಲಿಸಿದರೂ ನಿಲ್ಲುತ್ತಿಲ್ಲ

ಮನೆಮನೆ ಓಡಾಟ (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳುವ ಕೆಲಸ ನನ್ನದು. ದಿನಕ್ಕೆ ಸುಮಾರು 6 ಕಿಲೋಮೀಟರ್ ನಡೆಯಬೇಕು, ನಲವತ್ತು ಮನೆಗಳ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹೊರಗೆ ಬಂದು ಮತ್ತೆ ಮೆಟ್ಟಿಕೊಳ್ಳಬೇಕು. ಆದ್ದರಿಂದ ಮೊದಲಿನಿಂದಲೂ ಬೆರಳ ಸಂದಿಯಲ್ಲಿ ಬಾರು ಬರುವ ಚಪ್ಪಲಿಯನ್ನೇ ಹಾಕುತ್ತಾ ಬಂದಿದ್ದೇನೆ.

ನನ್ನ ಹಳೆಯ ಚಪ್ಪಲಿ 6ನೇ ನಂಬರಿನದು. ಅದು ಪಾದದ ಮೇಲ್ಭಾಗದಲ್ಲಿ ಬಾರಿನ ಅಂಚಿಗೆ ಉಜ್ಜಿ ಗಾಯ ಮಾಡುತ್ತಿತ್ತು. ಅಂಗಡಿಯವರು "ನಿಮ್ಮದು ಅಗಲ ಪಾದ, ಒಂದು ನಂಬರ್ ದೊಡ್ಡದು ತೆಗೆದುಕೊಳ್ಳಿ" ಎಂದು 7ನೇ ನಂಬರ್ ಕೊಟ್ಟರು. ಮೇಲಿನ ಗಾಯವೇನೋ ಮಾಗಿತು. ಆದರೆ ನಾಲ್ಕೇ ದಿನಗಳಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿಯಲ್ಲಿ ಕಡಲೆಕಾಳಿನಷ್ಟು ನೀರುಗುಳ್ಳೆ ಎದ್ದು, ಒಡೆದು, ಅದರ ಮೇಲೆಯೇ ಮತ್ತೊಂದು ಎದ್ದಿದೆ. ಸಂಜೆಯ ಹೊತ್ತಿಗೆ ಎರಡನೆಯ ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ, ಸಣ್ಣ ಕಲ್ಲಿನ ಮೇಲೆ ನಿಂತಂತೆ ನೋವು. ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿರುವ ಈ ದಿನಗಳಲ್ಲಿ ಪಾದ ಒಣಗುವುದೇ ಇಲ್ಲ. ಬಿಸಿಲು, ಬೆವರು, ಎರೆ ಮಣ್ಣು ಮೂರನ್ನೂ ತಡೆಯುವ, ನಲವತ್ತು ಸಲ ಬಿಚ್ಚಿ ಹಾಕಲು ಬರುವ ಪಾದರಕ್ಷೆ ಯಾವುದಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಹರಳೆಣ್ಣೆ (ಮಾನ್ವಿ)

ಅಕ್ಕನವರೇ, ಹೊಸ ಚಪ್ಪಲಿ ಕಚ್ಚದೆ ಇರುವುದುಂಟೇ? ನಮ್ಮ ತಂದೆಯವರು ಹೊಸ ಜೋಡು ತಂದ ದಿನವೇ ಬಾರಿಗೆ ಹರಳೆಣ್ಣೆ ಸವರಿ, ರಾತ್ರಿಯಿಡೀ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಮೂರು ರಾತ್ರಿ ಹೀಗೆ ಮಾಡಿದರೆ ಬಾರು ಬೆಣ್ಣೆಯಂತಾಗುತ್ತದೆ. ಬೆರಳ ಸಂದಿಗೂ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಹೊರಡಿ. ಎಂಟು ದಿನ ಸಹಿಸಿಕೊಂಡರೆ ಚರ್ಮ ಗಟ್ಟಿಯಾಗಿ ಎಲ್ಲವೂ ಸರಿಹೋಗುತ್ತದೆ.

ಹಳೇ ಅಟ್ಟೆ (ಬಳ್ಳಾರಿ)

ಎಣ್ಣೆಯ ಮಾತು ಅರ್ಧ ಸರಿಯಾಗಿದೆ. ತೊಗಲಿನ ಬಾರು ಎಣ್ಣೆ ಕುಡಿದು ಮೆತ್ತಗಾಗುವುದು ನಿಜ. ಆದರೆ ಇವರು ಹೇಳುತ್ತಿರುವುದು ರೆಕ್ಸಿನ್ ಅಥವಾ ರಬ್ಬರ್ ಬಾರಿನ ಚಪ್ಪಲಿ ಇರಬೇಕು. ರೆಕ್ಸಿನ್ ಎಣ್ಣೆ ಕುಡಿಯುವುದಿಲ್ಲ, ರಬ್ಬರ್ ಎಣ್ಣೆಗೆ ಉಬ್ಬಿ ಬೇಗ ಹಾಳಾಗುತ್ತದೆ. ಚರ್ಮಕ್ಕೆ ಹಚ್ಚಿದ ಎಣ್ಣೆಯದೂ ಅದೇ ಕಥೆ: ಮೊದಲ ಒಂದು ಗಂಟೆ ಜಾರಿಸುತ್ತದೆ, ಆಮೇಲೆ ಬೆವರು ಮತ್ತು ದೂಳಿನ ಜೊತೆ ಸೇರಿ ಅಂಟಾಗಿ, ಮೊದಲಿಗಿಂತ ಹೆಚ್ಚು ಹಿಡಿಯುತ್ತದೆ. ಹೊರಡುವ ಮುನ್ನ ಒಮ್ಮೆ ಹಚ್ಚಿಕೊಂಡು ದಿನವಿಡೀ ನಡೆಯುವವರಿಗೆ ಅದರಿಂದ ಪ್ರಯೋಜನವಿಲ್ಲ.

ನಾನು ಮೂವತ್ತು ವರ್ಷ ಚಪ್ಪಲಿ ಹೊಲಿದು, ದುರಸ್ತಿ ಮಾಡಿ ಬದುಕಿದವನು, ಆದ್ದರಿಂದ ಒಂದು ಮಾತು ಹೇಳುತ್ತೇನೆ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದರಲ್ಲೇ ಕಾರಣವಿರುತ್ತದೆ. ಪಾದದ ಮೇಲ್ಭಾಗದಲ್ಲಿ ಕಚ್ಚಿದರೆ ಬಾರು ಬಿಗಿ ಅಥವಾ ಅದರ ಅಂಚು ಹರಿತ. ಬೆರಳ ಸಂದಿಯಲ್ಲಿ ಕಚ್ಚಿದರೆ ಪಾದ ಪ್ರತಿ ಹೆಜ್ಜೆಗೂ ಮುಂದಕ್ಕೆ ಜಾರಿ, ಸಂದಿಯಲ್ಲಿ ನಿಲ್ಲುವ ಬಾರಿನ ಗೂಟಕ್ಕೆ ಬಡಿಯುತ್ತಿದೆ. ನಿಮಗೆ ಮೊದಲನೆಯದು ಹೋಗಿ ಎರಡನೆಯದು ಬಂದಿದೆ, ಅಂದರೆ ಅಗಲದ ತೊಂದರೆಯನ್ನು ಉದ್ದದಿಂದ ಪರಿಹರಿಸಲು ಹೋಗಿದ್ದೀರಿ. ಅಂಗಡಿಗಳಲ್ಲಿ ದಿನಕ್ಕೆ ಹತ್ತು ಸಲ ನಡೆಯುವ ತಪ್ಪು ಇದು.

ನಾಳೆ ಸಂಜೆ, ಪಾದ ಸ್ವಲ್ಪ ಊದಿಕೊಂಡಿರುವ ಹೊತ್ತಿನಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತುಕೊಳ್ಳಿ. ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿಗೆ ಎಷ್ಟು, ಗೋಡೆಯಿಂದ ಹೆಬ್ಬೆರಳ ಸಂದಿಯ ತಳಕ್ಕೆ ಎಷ್ಟು ಎಂದು ಗುರುತು ಮಾಡಿ ಅಳೆಯಿರಿ. ನಂತರ ಚಪ್ಪಲಿಯ ಹಿಂದಿನ ಅಂಚಿನಿಂದ ಗೂಟದ ಹಿಂಬದಿಗೆ ಎಷ್ಟು ಎಂದು ನೋಡಿ. ಚಪ್ಪಲಿಯ ಅಟ್ಟೆಯ ಮೇಲೆ ಹಿಮ್ಮಡಿಯ ಕಪ್ಪು ಗುರುತು ದುಂಡಾಗಿದೆಯೋ ಉದ್ದಕ್ಕೆ ಎಳೆದಂತಿದೆಯೋ ಎಂಬುದನ್ನೂ ತಿಳಿಸಿ.

ಎರಡು ಗಾಲಿ (ಹೊಸಪೇಟೆ)

ಇಷ್ಟೆಲ್ಲ ಅಳತೆ ಏಕೆ? ಒಳ್ಳೆಯ ಸ್ಪೋರ್ಟ್ಸ್ ಶೂ ಮತ್ತು ಹತ್ತಿಯ ಕಾಲುಚೀಲ ಹಾಕಿಕೊಂಡರೆ ಮುಗಿಯಿತು. ನಾನು ದಿನವೂ ಬೆಳಗ್ಗೆ ತುಂಗಭದ್ರಾ ಅಣೆಕಟ್ಟಿನ ಕಡೆಗೆ ಶೂ ಹಾಕಿಕೊಂಡೇ ನಡೆಯುತ್ತೇನೆ, ಒಂದು ಗುಳ್ಳೆಯೂ ಬಂದಿಲ್ಲ.

ಮನೆಮನೆ ಓಡಾಟ

ಅಣ್ಣನವರೇ, ನೀವು ಬೆಳಗ್ಗೆ ಆರು ಗಂಟೆಗೆ ನಡೆಯುತ್ತೀರಿ, ನಾನು ಮಧ್ಯಾಹ್ನ ಹನ್ನೆರಡಕ್ಕೆ. ನಲವತ್ತು ಹೊಸ್ತಿಲುಗಳಲ್ಲಿ ಶೂ ದಾರ ಬಿಚ್ಚಿ ಕಟ್ಟುತ್ತಾ ಕುಳಿತರೆ ಇಪ್ಪತ್ತು ಮನೆಗೇ ಸಂಜೆಯಾಗುತ್ತದೆ.

ಕಡಲ ಕಡೆಗೆ ಹೋದವನು (ಮೂಲ ಸಂಡೂರು, ಈಗ ಮಂಗಳೂರು)

ಶೂ ಬಗ್ಗೆ ನನ್ನ ಅನುಭವ ಬರೆಯುತ್ತೇನೆ. ಸಂಡೂರಿನಲ್ಲಿ ನಾಲ್ಕು ವರ್ಷ ಬೇಸಿಗೆಯಲ್ಲೂ ಶೂ ಹಾಕಿದ್ದೆ, ಬೆವರು ಬಂದರೂ ಒಣ ಗಾಳಿಗೆ ಆರುತ್ತಿತ್ತು. ಮಂಗಳೂರಿಗೆ ಬಂದು ಎರಡು ತಿಂಗಳಲ್ಲಿ ಕಿರುಬೆರಳಿನ ಸಂದಿ ಬೆಳ್ಳಗೆ ಮೆತ್ತಗಾಗಿ, ಸಿಪ್ಪೆ ಏಳತೊಡಗಿತು. ಇಲ್ಲಿ ಕಾಲುಚೀಲ ರಾತ್ರಿಯಿಡೀ ಹೊರಗೆ ಹಾಕಿದರೂ ಬೆಳಗ್ಗೆ ತೇವವೇ. ಬಿಸಿಲು ಎರಡೂ ಕಡೆ ಇದ್ದರೂ ಬೆವರು ಆರುವುದೋ ಇಲ್ಲವೋ ಎಂಬುದರ ಮೇಲೆ ಪಾದದ ಹಣೆಬರಹ ನಿಂತಿದೆ. ನೀರು ನಿಂತ ಭತ್ತದ ಗದ್ದೆಗಳ ನಡುವೆ ನಡೆಯುವವರಿಗೆ ಸಿಂಧನೂರು ಒಣ ಊರಲ್ಲ.

ಇನ್ನೊಂದು ವಿಷಯ. ಇಲ್ಲಿಗೆ ತಂದ ನನ್ನ ಒಂದು ಜೊತೆ ಪಿ.ಯು. ಎಂಬ ಪ್ಲಾಸ್ಟಿಕ್ ಅಟ್ಟೆಯ ಸ್ಯಾಂಡಲ್ ಕಪಾಟಿನಲ್ಲಿ ಒಂದು ಮಳೆಗಾಲ ಇದ್ದುದಕ್ಕೇ, ತೆಗೆದು ಹಾಕಿಕೊಂಡ ದಿನ ಅಟ್ಟೆ ಹಳೆಯ ಬೆಲ್ಲದಂತೆ ಪುಡಿಪುಡಿಯಾಗಿ ದಾರಿಯುದ್ದಕ್ಕೂ ಉದುರಿತು. ಕಡಿಮೆ ಬಳಸಿದ್ದೆ ಎಂಬುದು ಅದನ್ನು ಉಳಿಸಲಿಲ್ಲ.

ಹಳೇ ಅಟ್ಟೆ

ಉಳಿಸುವುದಿಲ್ಲ. ಪಿ.ಯು. ಅಟ್ಟೆಯನ್ನು ಗಾಳಿಯ ತೇವವೇ ಒಳಗಿನಿಂದ ಒಡೆಯುತ್ತದೆ, ಬಳಸಿದರೂ ಅಷ್ಟೇ, ಇಟ್ಟರೂ ಅಷ್ಟೇ. ಅಂಗಡಿಯಲ್ಲಿ ಬಹಳ ದಿನ ಕುಳಿತ ಹಳೆಯ ಮಾಲನ್ನು ರಿಯಾಯಿತಿಯಲ್ಲಿ ಕೊಟ್ಟರೆ ಅಂಚನ್ನು ಉಗುರಿನಿಂದ ಒತ್ತಿ ನೋಡಬೇಕು. ಅಂಟಂಟಾಗಿದ್ದರೆ ಅಥವಾ ಸಣ್ಣ ಬಿರುಕು ಕಂಡರೆ ಬಿಟ್ಟುಬರಬೇಕು.

ತಂದೆಯವರ ಕಾಲು (ಕೊಪ್ಪಳ)

ನಾನೂ ಒಂದು ಪ್ರಶ್ನೆ ಸೇರಿಸುತ್ತೇನೆ. ನಮ್ಮ ತಂದೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವರದೂ ಇದೇ ಜಾಗದಲ್ಲಿ ಗಾಯ. ಆದರೆ ಅವರಿಗೆ ನೋವೇ ಇರಲಿಲ್ಲ. ನೆಲದ ಮೇಲೆ ಬಿದ್ದ ರಕ್ತದ ಗುರುತು ನೋಡಿ ನಮ್ಮ ತಾಯಿ ಕಂಡುಹಿಡಿದರು. ನೋವಿಲ್ಲದಿದ್ದರೆ ಗಾಯ ದೊಡ್ಡದಲ್ಲ ಎಂದು ಅರ್ಥವಲ್ಲವೇ? ಅಕ್ಕನವರಿಗೆ ಹೇಳುವ ಚಪ್ಪಲಿಯೇ ಅವರಿಗೂ ಆಗುತ್ತದೆಯೇ?

ನಡಿಗೆ ನೋಡುವವಳು (ರಾಯಚೂರು)

ನಾನು ಫಿಸಿಯೋಥೆರಪಿ ಮಾಡುವವಳು. ತಂದೆಯವರ ವಿಷಯಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ನೋವಿಲ್ಲದ ಗಾಯವೇ ಅಲ್ಲಿ ಅಪಾಯದ ಗುರುತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದಾಗ ಚಪ್ಪಲಿ ಕಚ್ಚಿದ್ದು ಗೊತ್ತಾಗುವುದಿಲ್ಲ, ಆದ್ದರಿಂದ ಅವರು ಅದೇ ಗಾಯದ ಮೇಲೆ ಇನ್ನೂ ನಾಲ್ಕು ದಿನ ನಡೆಯುತ್ತಾರೆ. ತಡಮಾಡದೆ ವೈದ್ಯರಿಗೆ ತೋರಿಸಿ, ಗುಳ್ಳೆಯನ್ನು ಮನೆಯಲ್ಲಿ ಚುಚ್ಚಬೇಡಿ. ಬೆರಳ ಸಂದಿಯ ಗೂಟದ ಚಪ್ಪಲಿ ಅವರಿಗೆ ಬೇಡವೇ ಬೇಡ. ಸ್ಪರ್ಶವಿಲ್ಲದ ಪಾದದಿಂದ ಚಪ್ಪಲಿ ಜಾರಿ ಬಿದ್ದರೂ ಕೆಲವರಿಗೆ ತಿಳಿಯುವುದಿಲ್ಲ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಒಂಟಿ ಚಪ್ಪಲಿಯಲ್ಲಿ ನಡೆದು ಪಾದ ಸುಟ್ಟುಕೊಂಡವರನ್ನು ಬೇಸಿಗೆಯಲ್ಲಿ ನೋಡಿದ್ದೇನೆ.

ಹಳೇ ಅಟ್ಟೆ

ತಂದೆಯವರಿಗೆ ಎಂ.ಸಿ.ಆರ್. ಚಪ್ಪಲಿ ಎಂದು ಕೇಳಿ. ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರಿನ ಅಟ್ಟೆ, ಅದರ ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಮುಂದೆ ಎರಡು ಅಗಲವಾದ ಪಟ್ಟಿ, ಹಿಂದೆ ಒಂದು ಪಟ್ಟಿ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದ ಉಳಿಸಲು ಬಳಕೆಗೆ ಬಂದ ಪಾದರಕ್ಷೆ ಇದು. ಹೆಬ್ಬೆರಳಿನಿಂದ ಒತ್ತಿದರೆ ಅಟ್ಟೆ ತಗ್ಗಬೇಕು, ಬಿಟ್ಟರೆ ಮೇಲೆ ಬರಬೇಕು. ಒತ್ತಿದ ಕೂಡಲೇ ಕೆಳಗಿನ ಗಟ್ಟಿ ಅಟ್ಟೆ ಬೆರಳಿಗೆ ತಾಗಿದರೆ ಅದು ತೀರ ಮೆತ್ತಗಿದೆ, ಒತ್ತಿದರೂ ತಗ್ಗದಿದ್ದರೆ ಹೆಸರಿಗೆ ಮಾತ್ರ ಎಂ.ಸಿ.ಆರ್.

ಮನೆಮನೆ ಓಡಾಟ

ಅಳತೆ ಮಾಡಿದೆ. ಬಲಪಾದ 241 ಮಿಲಿಮೀಟರ್, ಎಡಪಾದ 238. ಬಲಪಾದದಲ್ಲಿ ಹಿಮ್ಮಡಿಯಿಂದ ಬೆರಳ ಸಂದಿಗೆ 196. 7ನೇ ನಂಬರಿನ ಚಪ್ಪಲಿಯ ಅಟ್ಟೆ 262, ಹಿಂದಿನ ಅಂಚಿನಿಂದ ಗೂಟಕ್ಕೆ 212. ಹಿಮ್ಮಡಿಯ ಗುರುತು ದುಂಡಾಗಿಲ್ಲ, ಕೋಳಿಮೊಟ್ಟೆಯಂತೆ ಉದ್ದಕ್ಕಿದೆ. ಅಷ್ಟೇ ಅಲ್ಲ, ನೀವು ಕೇಳದ ಇನ್ನೊಂದನ್ನೂ ಕಂಡೆ. ಎರಡನೆಯ ಮತ್ತು ಮೂರನೆಯ ಬೆರಳಿನ ತುದಿ ಬರುವ ಜಾಗದಲ್ಲಿ ಅಟ್ಟೆ ಗುಳಿ ಬಿದ್ದಿದೆ, ಯಾರೋ ಬೆರಳಿನಿಂದ ಕೆದಕಿದ ಹಾಗೆ.

ಹಳೇ ಅಟ್ಟೆ

ಆ ಗುಳಿಯೇ ನಿಮ್ಮ ಎರಡನೆಯ ಬೆರಳಿನ ನೋವಿನ ಸಾಕ್ಷಿ. ಈಗ ಲೆಕ್ಕ ಹಾಕೋಣ.

ನಿಂತಾಗ ಹಿಮ್ಮಡಿಯ ಹಿಂದೆ ಚಪ್ಪಲಿ ಸುಮಾರು 8 ಮಿಲಿಮೀಟರ್ ಉಳಿಯಬೇಕು, ಇಲ್ಲದಿದ್ದರೆ ಹಿಮ್ಮಡಿ ಅಂಚಿನಿಂದ ಹೊರಗೆ ಬರುತ್ತದೆ. ಆ 8ಕ್ಕೆ ನಿಮ್ಮ 196 ಸೇರಿಸಿದರೆ ಬೆರಳ ಸಂದಿ 204ರಲ್ಲಿ ನಿಲ್ಲುತ್ತದೆ. ನಿಮ್ಮ ಗೂಟ ಇರುವುದು 212ರಲ್ಲಿ. ನಡುವೆ 8 ಮಿಲಿಮೀಟರ್ ಖಾಲಿ. ಸಂದಿಗೂ ಗೂಟಕ್ಕೂ ಎರಡು ಮೂರು ಮಿಲಿಮೀಟರ್ ಅಂತರ ಇರಲಿ ಎಂದು ನಾವು ನೋಡುತ್ತೇವೆ, ಎಂಟು ಎಂದರೆ ಪಾದಕ್ಕೆ ಓಡಲು ಜಾಗ ಬಿಟ್ಟಂತೆ. ಹೆಜ್ಜೆ ಊರಿದಾಗ ಪಾದ ಮುಂದಕ್ಕೆ ಓಡಿ ಗೂಟಕ್ಕೆ ಬಡಿಯುತ್ತದೆ, ಎತ್ತಿದಾಗ ಹಿಂದಕ್ಕೆ ಬರುತ್ತದೆ. ಮೊಟ್ಟೆಯಾಕಾರದ ಗುರುತು ಅದರದೇ. ನಿಮ್ಮ ಹೆಜ್ಜೆ 65 ಸೆಂಟಿಮೀಟರ್ ಎಂದುಕೊಂಡರೆ 6 ಕಿಲೋಮೀಟರಿಗೆ 9,200 ಹೆಜ್ಜೆ, ಒಂದೊಂದು ಪಾದಕ್ಕೆ 4,600 ಏಟು. ಯಾವ ಎಣ್ಣೆ ಅದನ್ನು ತಡೆಯುತ್ತದೆ?

ಹಾಗೆ ಜಾರುವ ಚಪ್ಪಲಿ ಕಳಚಿ ಬೀಳಬಾರದೆಂದು ನಿಮ್ಮ ಬೆರಳುಗಳು ನಿಮಗೆ ಹೇಳದೆಯೇ ಬಾಗಿ ಅಟ್ಟೆಯನ್ನು ಹಿಡಿದುಕೊಳ್ಳುತ್ತಿವೆ. ಹೆಬ್ಬೆರಳು ಗೂಟವನ್ನು ಒತ್ತುತ್ತದೆ, ಪಕ್ಕದವು ಅಟ್ಟೆಯನ್ನು ಕೆರೆಯುತ್ತವೆ. ಹಿಂದೆ ಪಟ್ಟಿ ಇಲ್ಲದ ಯಾವ ಚಪ್ಪಲಿಯಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ, ದೊಡ್ಡ ನಂಬರಿನಲ್ಲಿ ಹೆಚ್ಚಾಗುತ್ತದೆ.

ಒಂದು ಪೂರ್ತಿ ನಂಬರಿಗೂ ಮುಂದಿನದಕ್ಕೂ ಉದ್ದದಲ್ಲಿ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಹವಾಯಿ ಚಪ್ಪಲಿಗಳಲ್ಲಿ ಸಾಮಾನ್ಯವಾಗಿ ಅರ್ಧ ನಂಬರ್ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಪಾದದ ಉದ್ದಕ್ಕೆ 6ನೇ ನಂಬರೇ ಸರಿ ಇತ್ತು. ನಿಮಗೆ ಬೇಕಾಗಿದ್ದದ್ದು ಅದೇ ಉದ್ದದ, ಮೇಲಿನ ಪಟ್ಟಿ ಸಡಿಲಿಸಲು ಬರುವ ಜೋಡು.

ಇನ್ನೊಂದು ಕೇಳಬೇಕಿತ್ತು. ನೀವು ಕಾಲುಂಗುರ ಹಾಕುತ್ತೀರಾ?

ಮನೆಮನೆ ಓಡಾಟ

ಹಾಕುತ್ತೇನೆ, ಎರಡನೆಯ ಬೆರಳಿಗೆ. ನೀವು ಕೇಳಿದ ಮೇಲೆ ನೋಡಿಕೊಂಡೆ. ಗುಳ್ಳೆ ಇರುವುದು ಸಂದಿಯ ಮಧ್ಯದಲ್ಲಲ್ಲ, ಎರಡನೆಯ ಬೆರಳಿನ ಬದಿಗೆ, ಉಂಗುರದ ಅಂಚಿನ ಕೆಳಗೆ. ಉಂಗುರ ತುಸು ಸರಿಸಿದರೆ ಅಲ್ಲಿ ಗೆರೆ ಎಳೆದಂತೆ ಕೆಂಪಾಗಿದೆ. ಮದುವೆಯಾಗಿ ಒಂಬತ್ತು ವರ್ಷ, ಚಪ್ಪಲಿಗೂ ಕಾಲುಂಗುರಕ್ಕೂ ಜಗಳವಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹಳೇ ಅಟ್ಟೆ

ದುರಸ್ತಿಗೆ ಬರುವ ಹೆಣ್ಣುಮಕ್ಕಳ ಚಪ್ಪಲಿಗಳಲ್ಲಿ ಗೂಟದ ಒಂದೇ ಬದಿ, ಎರಡನೆಯ ಬೆರಳಿನ ಕಡೆಯದು, ಕತ್ತರಿಸಿದಂತೆ ಸವೆದಿರುವುದನ್ನು ಬಹಳ ನೋಡಿದ್ದೇನೆ. ಗೂಟ ಮತ್ತು ಬೆಳ್ಳಿಯ ನಡುವೆ ಸಿಕ್ಕಿದ ಚರ್ಮಕ್ಕೆ ಹೋಗಲು ದಾರಿಯಿಲ್ಲ. ಮಧ್ಯಾಹ್ನ ಬೆರಳು ಊದಿದಾಗ ಉಂಗುರ ಇನ್ನೂ ಬಿಗಿಯಾಗುತ್ತದೆ. ಹೂವಿನ ಕೆತ್ತನೆಯ ಉಂಗುರಕ್ಕಿಂತ ನುಣುಪಾದ ತೆಳು ಕಂಬಿಯದು ವಾಸಿ. ಗೂಟವೇ ಇಲ್ಲದ ಪಾದರಕ್ಷೆಯಾದರೆ ಯಾವ ಉಂಗುರವಾದರೂ ಇರಲಿ.

ಹರಳೆಣ್ಣೆ

ಹಾಗಾದರೆ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಜೋಡುಗಳನ್ನು ಏಕೆ ಯಾರೂ ಹೇಳುತ್ತಿಲ್ಲ? ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ನಮ್ಮ ಜಿಲ್ಲೆಗಳ ಹೆಸರಿನಲ್ಲಿ ಸಿಕ್ಕಿದೆ. ತೊಗಲು ಬೆವರು ಹೀರುತ್ತದೆ, ರಬ್ಬರಿನಂತೆ ಪಾದ ಬೇಯುವುದಿಲ್ಲ. ಇದಕ್ಕಾದರೂ ನನ್ನ ಹರಳೆಣ್ಣೆ ನಡೆಯುತ್ತದೆ ತಾನೇ?

ಹಳೇ ಅಟ್ಟೆ

ನಡೆಯುತ್ತದೆ, ಅದಕ್ಕೇ ಅದು ಹೇಳಿ ಮಾಡಿಸಿದ್ದು. ಮಾನ್ಯತೆ ಸಿಕ್ಕಿರುವುದು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸೇರಿ, 2019ರಲ್ಲಿ. ಬಾಯಲ್ಲಿ ನಮ್ಮ ಜಿಲ್ಲೆ ಎನ್ನಬಹುದು, ರಾಯಚೂರು ಆ ಪಟ್ಟಿಯಲ್ಲಿಲ್ಲ. ಬೆವರು ಹೀರುವ ಮಾತು ಒಪ್ಪುತ್ತೇನೆ. ಏಪ್ರಿಲ್ ತಿಂಗಳ ಒಣ ಬಿಸಿಲಿಗೆ ಅದಕ್ಕಿಂತ ತಂಪಾದ ಅಟ್ಟೆ ನನಗೆ ಗೊತ್ತಿಲ್ಲ. ಆದರೆ ಗದ್ದೆಯ ಬದುವಿನ ನೀರು ಕುಡಿದ ತೊಗಲು ಉಬ್ಬಿ, ಮರುದಿನ ಒಣಗಿ ಸೆಟೆದು, ಇನ್ನೂ ಜೋರಾಗಿ ಕಚ್ಚುತ್ತದೆ. ಹಿಂದೆ ಪಟ್ಟಿಯೂ ಇರುವುದಿಲ್ಲ. ಮದುವೆಮನೆಗೆ, ಪೇಟೆಗೆ ಸರಿ, ಇವರ ಆರು ಕಿಲೋಮೀಟರಿಗೆ ಅಲ್ಲ.

ನನ್ನ ಅಭಿಪ್ರಾಯ ಹೀಗಿದೆ. ಗೂಟವಿಲ್ಲದ, ಮುಂದೆ ಎರಡು ಪಟ್ಟಿ ಮತ್ತು ಹಿಂದೆ ಒಂದು ಪಟ್ಟಿ ಇರುವ ಸ್ಯಾಂಡಲ್ ತೆಗೆದುಕೊಳ್ಳಿ. ಪಾದದ ಮೇಲ್ಭಾಗದ ಪಟ್ಟಿಯಾದರೂ ವೆಲ್ಕ್ರೋದಿಂದ ಸಡಿಲ ಬಿಗಿ ಮಾಡಲು ಬರಬೇಕು, ಏಕೆಂದರೆ ಬೆಳಗಿನ ಪಾದವೂ ಮಧ್ಯಾಹ್ನದ ಪಾದವೂ ಒಂದೇ ಅಲ್ಲ. ಪಟ್ಟಿಯ ಒಳಬದಿಗೆ ಬಟ್ಟೆಯ ಅಸ್ತರಿ ಇರಲಿ, ಬೆರಳಾಡಿಸಿದರೆ ಹೊಲಿಗೆ ಸಿಗಬಾರದು. ಹಿಮ್ಮಡಿ ಕೂರುವ ಜಾಗ ತಟ್ಟೆಯಂತೆ ಸ್ವಲ್ಪ ತಗ್ಗಿರಲಿ. ಹಿಮ್ಮಡಿ ಎತ್ತರವಾಗಿ ಮುಂದಕ್ಕೆ ಇಳಿಜಾರಾಗಿರುವುದು ಬೇಡ, ಗೂಟವಿಲ್ಲದಿದ್ದರೂ ಪಾದ ಮುಂದಕ್ಕೆ ಹರಿದು ಬೆರಳುಗಳು ಅಂಚು ದಾಟುತ್ತವೆ. ಅಟ್ಟೆ ಇ.ವಿ.ಎ. ಎಂಬ ಹಗುರವಾದ ಫೋಮ್ ಅಥವಾ ರಬ್ಬರ್ ಆದರೆ ನೀರಿಗೆ ಹೆದರಬೇಕಿಲ್ಲ. ಆದರೆ ಇ.ವಿ.ಎ. ಜೋಡನ್ನು ತೊಳೆದು ನಮ್ಮ ಊರಿನ ಮಾಳಿಗೆಯ ಬಿಸಿಲಿಗೆ ಒಣಹಾಕಬೇಡಿ. ಅದು ಕಾದು ಕುಗ್ಗುತ್ತದೆ, ಒಂದು ಬೇಸಿಗೆಯಲ್ಲಿ ಅರ್ಧ ನಂಬರ್ ಕುಗ್ಗಿದ್ದನ್ನು ತಂದು "ನೀವೇ ಚಿಕ್ಕದು ಕೊಟ್ಟಿರಿ" ಎಂದು ಜಗಳವಾಡಿದವರಿದ್ದಾರೆ. ನೆರಳಲ್ಲಿ ಒಣಗಲಿ.

ನಡಿಗೆ ನೋಡುವವಳು

ಒಂದು ಮಾತು ಸೇರಿಸುತ್ತೇನೆ. "ಎಂಟು ದಿನ ಸಹಿಸಿದರೆ ಚರ್ಮ ಗಟ್ಟಿಯಾಗುತ್ತದೆ" ಎಂಬುದು ಒಣಗಿರುವ ಚರ್ಮಕ್ಕೆ, ಸಣ್ಣ ಉಜ್ಜುವಿಕೆಗೆ ಸ್ವಲ್ಪ ಮಟ್ಟಿಗೆ ನಿಜ. ಬೆವರಿನಿಂದ ತೇವವಾದ ಚರ್ಮ ಬಾರಿಗೆ ಹೆಚ್ಚು ಅಂಟಿಕೊಳ್ಳುತ್ತದೆ. ಮೇಲಿನ ಪದರ ಬಾರಿನ ಜೊತೆ ನಿಲ್ಲುತ್ತದೆ, ಒಳಗಿನ ಮೂಳೆ ಮುಂದಕ್ಕೆ ಹೋಗುತ್ತದೆ, ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಆದ್ದರಿಂದಲೇ ನೀರುಗುಳ್ಳೆಯ ಮೇಲಿನ ಚರ್ಮ ಹಾಗೇ ಇರುತ್ತದೆ. ಅದನ್ನು ಕಿತ್ತು ತೆಗೆಯಬೇಡಿ, ಅದಕ್ಕಿಂತ ಒಳ್ಳೆಯ ಪಟ್ಟಿ ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ. ತಾನಾಗಿ ಒಡೆದಿದ್ದರೆ ಸೋಪಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಮೇಲೆ ಶುದ್ಧವಾದ ಪಟ್ಟಿ ಹಾಕಿ. ಕೀವು, ಮೇಲಕ್ಕೆ ಏರುವ ಕೆಂಪು, ಜ್ವರ ಕಂಡರೆ ವೈದ್ಯರಲ್ಲಿಗೆ ಹೋಗಿ.

ಎರಡನೆಯ ಬೆರಳಿನ ಬುಡದ ನೋವಿನ ಬಗ್ಗೆ ಮಾತ್ರ ನಾನು ಅಷ್ಟು ಬೇಗ ತೀರ್ಮಾನಿಸುವುದಿಲ್ಲ. ಹಿಡಿದು ಹಿಡಿದು ದಣಿದದ್ದೇ ಆಗಿದ್ದರೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿದ ಎರಡು ಮೂರು ವಾರಗಳಲ್ಲಿ ಇಳಿಯಬೇಕು. ಬರಿಗಾಲಿನಲ್ಲಿ ಸಮನಾಗಿ ನಿಂತು, ಆ ಬೆರಳಿನ ತುದಿಯ ಕೆಳಗೆ ಕಾಗದದ ಚೂರು ಇಟ್ಟು ಮನೆಯವರಿಂದ ಎಳೆಸಿ ನೋಡಿ. ಬೆರಳಿನಿಂದ ಒತ್ತಿ ಹಿಡಿಯಲು ಆಗದೆ ಕಾಗದ ಸಲೀಸಾಗಿ ಬಂದರೆ, ಅಥವಾ ಬೆರಳು ನೆಲದಿಂದ ಎದ್ದು ಹೆಬ್ಬೆರಳಿನ ಕಡೆಗೆ ವಾಲುತ್ತಿದ್ದರೆ, ಕೀಲಿನ ಅಡಿಯ ನಾರಿಗೆ ಪೆಟ್ಟಾಗಿರಬಹುದು. ಅದು ಚಪ್ಪಲಿ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಪರೀಕ್ಷೆ ಮಾಡಿಸಬೇಕು.

ಬಿಳಿ ಗೆರೆ (ಗಂಗಾವತಿ)

ನನಗೆ ಗುಳ್ಳೆ ಇಲ್ಲ, ನೋವಿಲ್ಲ. ಆದರೆ ಹವಾಯಿ ಚಪ್ಪಲಿಯ ಬಾರು ಕೂರುವ ಜಾಗದಲ್ಲಿ, ಎರಡೂ ಪಾದಗಳ ಮೇಲೆ, ಬಾರಿನ ಆಕಾರದಲ್ಲೇ ಮೊದಲು ತುರಿಕೆ ಬಂದು ಈಗ ಬಿಳಿಯಾಗುತ್ತಿದೆ. ಬಿಸಿಲಿಗೆ ಉಳಿದ ಚರ್ಮ ಕಪ್ಪಾಗಿ ಬಾರಿನ ಜಾಗ ಬೆಳ್ಳಗೆ ಉಳಿದಿದೆ ಎಂದುಕೊಂಡಿದ್ದೆ. ಇದೂ ಉಜ್ಜುವುದರಿಂದಲೇ?

ನಡಿಗೆ ನೋಡುವವಳು

ಬಿಸಿಲಿನ ಬಣ್ಣದ ವ್ಯತ್ಯಾಸಕ್ಕೆ ತುರಿಕೆ ಇರುವುದಿಲ್ಲ. ತುರಿಕೆ ಮೊದಲು ಬಂದು, ಎರಡೂ ಕಡೆ ಬಾರಿನ ನಕ್ಷೆಯಂತೆಯೇ ಇದ್ದರೆ ರಬ್ಬರಿನಲ್ಲಿರುವ ರಾಸಾಯನಿಕ ಚರ್ಮಕ್ಕೆ ಒಗ್ಗುತ್ತಿಲ್ಲ ಎಂದು ಶಂಕಿಸಬೇಕು. ಕೆಲವರಲ್ಲಿ ಅದೇ ಬಣ್ಣವನ್ನೂ ಕಳೆಯುತ್ತದೆ. ರಬ್ಬರ್ ಬಾರನ್ನು ಇಂದೇ ಬಿಟ್ಟು ಚರ್ಮರೋಗ ತಜ್ಞರಿಗೆ ತೋರಿಸಿ. ನಾನು ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಮನೆಮನೆ ಓಡಾಟ (ಮೂರು ವಾರಗಳ ನಂತರ)

ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ. ಮೂರು ಅಂಗಡಿ ಸುತ್ತಿದೆ, ಸಂಜೆ ಹೊತ್ತಿನಲ್ಲೇ ಹೋದೆ. ಪಾದದ ನಕ್ಷೆ ಬರೆದ ಕಾಗದವನ್ನು ಅಟ್ಟೆಯ ಮೇಲೆ ಇಟ್ಟು ನೋಡಿದ್ದಕ್ಕೆ ಮೊದಲ ಅಂಗಡಿಯವರು ನಕ್ಕರು, ಎರಡನೆಯವರು ತಾವೇ ಕಾಗದ ಹಿಡಿದುಕೊಂಡರು. ಕೊನೆಗೆ 6ನೇ ನಂಬರಿನ, ಮುಂದೆ ಎರಡು ವೆಲ್ಕ್ರೋ ಪಟ್ಟಿ, ಹಿಂದೆ ಬಕಲ್ ಪಟ್ಟಿ ಇರುವ ಸ್ಯಾಂಡಲ್ ತಂದೆ. ಮೊದಲ ಮೂರು ದಿನ ಅರ್ಧ ದಿನ ಮಾತ್ರ ಹಾಕಿದೆ.

ಸಂದಿಯ ಗುಳ್ಳೆ ಒಣಗಿ ಹೊಸ ಚರ್ಮ ಬಂದಿದೆ. ಹಿಮ್ಮಡಿಯ ಗುರುತು ಹೊಸ ಅಟ್ಟೆಯಲ್ಲಿ ದುಂಡಾಗಿದೆ, ಬೆರಳಿನ ಗುಳಿ ಇನ್ನೂ ಬಿದ್ದಿಲ್ಲ. ಎರಡನೆಯ ಬೆರಳಿನ ಬುಡದ ನೋವು ಅರ್ಧಕ್ಕಿಂತ ಕಡಿಮೆಯಾಗಿದೆ, ಆದರೆ ಹೋಗಿಲ್ಲ. ಕಾಗದದ ಪರೀಕ್ಷೆಯಲ್ಲಿ ಎಡಗಾಲಿನ ಬೆರಳು ಗಟ್ಟಿಯಾಗಿ ಹಿಡಿಯುತ್ತದೆ, ಬಲಗಾಲಿನದು ಕೆಲವೊಮ್ಮೆ ಬಿಡುತ್ತದೆ. ಇದರ ಅರ್ಥವೇನೋ ತಿಳಿಯದು.

ಹೊಸ ತೊಂದರೆಗಳು ಎರಡು. ಪ್ರತಿ ಮನೆಯಲ್ಲೂ ಬಗ್ಗಿ ಬಕಲ್ ಬಿಚ್ಚುವುದು ಬೇಡವೆಂದು ಹಿಂದಿನ ಪಟ್ಟಿಯನ್ನು ಹಿಮ್ಮಡಿಯ ಕೆಳಗೆ ಮಡಚಿ ತುಳಿದುಕೊಂಡು ನಡೆಯತೊಡಗಿದ್ದೇನೆ, ಅದು ತಪ್ಪೆಂದು ನನಗೇ ಗೊತ್ತು. ಮೊನ್ನೆ ಮಳೆ ಬಂದಾಗ ಎರೆ ಮಣ್ಣು ವೆಲ್ಕ್ರೋದೊಳಗೆ ಸೇರಿ ಪಟ್ಟಿ ನಿಲ್ಲುತ್ತಲೇ ಇಲ್ಲ.

ನಡಿಗೆ ನೋಡುವವಳು

ಬಲಗಾಲಿನದು ಬಿಡುತ್ತಿದ್ದರೆ ಇನ್ನು ಕಾಯುವುದು ಬೇಡ, ಒಮ್ಮೆ ಮೂಳೆ ತಜ್ಞರಿಗೆ ತೋರಿಸಿ. ಏನೂ ಇಲ್ಲದೆಯೂ ಇರಬಹುದು.

ಎರಡು ಗಾಲಿ

ಬಕಲ್ ಬೇಡವಾದರೆ ಹಿಂದಿನ ಪಟ್ಟಿ ಕತ್ತರಿಸಿಬಿಡಿ, ಗೂಟವಂತೂ ಇಲ್ಲವಲ್ಲ.

ಹಳೇ ಅಟ್ಟೆ

ಕತ್ತರಿಸಬೇಡಿ. ಕತ್ತರಿಸಿದ ದಿನವೇ ಬೆರಳುಗಳು ಮತ್ತೆ ಅಟ್ಟೆ ಹಿಡಿಯಲು ಶುರು ಮಾಡುತ್ತವೆ, ಎರಡನೆಯ ಬೆರಳು ಮೊದಲಿನ ಕೆಲಸಕ್ಕೆ ಹಾಜರಾಗುತ್ತದೆ. ಮಡಚಿ ತುಳಿಯುವುದೂ ಅದೇ ಲೆಕ್ಕ, ಜೊತೆಗೆ ಪಟ್ಟಿಯ ಅಂಚಿಗೆ ಹಿಮ್ಮಡಿ ಉಜ್ಜುತ್ತದೆ.

ಚಪ್ಪಲಿ ಹೊಲಿಯುವವರ ಬಳಿ ಕೊಟ್ಟು, ಹಿಂದಿನ ಪಟ್ಟಿಯ ಹೊರಬದಿಯಲ್ಲಿ ಬಕಲ್ ತೆಗೆಸಿ, ಅಲ್ಲಿ ಎರಡು ಬೆರಳಿನಗಲ ಉದ್ದದ ಅಗಲವಾದ ಎಲಾಸ್ಟಿಕ್ ಹೊಲಿಸಿ. ಆಗ ಬಗ್ಗದೆಯೇ ಪಾದ ತೂರಿಸಿ, ಒಂದು ಬೆರಳಿನಿಂದ ಪಟ್ಟಿಯನ್ನು ಹಿಮ್ಮಡಿಗೆ ಏರಿಸಿದರೆ ಸಾಕು. ಹೊಲಿಗೆಯ ಗಂಟು ಒಳಗೆ ಬಾರದಂತೆ ನಿಂತು ನೋಡಿಕೊಳ್ಳಿ, ನೈಲಾನ್ ದಾರವನ್ನೇ ಹಾಕಲು ಹೇಳಿ. ಬೆವರಿಗೆ ಎಲಾಸ್ಟಿಕ್ ವರ್ಷದೊಳಗೆ ಸೋಲುತ್ತದೆ, ಆಗ ಮತ್ತೆ ಹಾಕಿಸಬೇಕು. ವೆಲ್ಕ್ರೋದ ಮಣ್ಣನ್ನು ಒದ್ದೆಯಿದ್ದಾಗ ತಿಕ್ಕಬೇಡಿ, ಇನ್ನೂ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹೇನು ಬಾಚಣಿಗೆಯಿಂದ ಕೊಕ್ಕೆಗಳ ಸಾಲಿನುದ್ದಕ್ಕೂ ಬಾಚಿ.

ಮನೆಮನೆ ಓಡಾಟ

ಹೇನು ಬಾಚಣಿಗೆಯಿಂದ ಈಗಷ್ಟೇ ಬಾಚಿದೆ, ಅಂಗೈ ತುಂಬ ಕರಿ ಮಣ್ಣು ಬಂತು, ಪಟ್ಟಿ ನಿಂತಿದೆ. ಸೋಮವಾರ ಬಸ್ ನಿಲ್ದಾಣದ ಎದುರು ಕೂರುವ ಅಜ್ಜನವರ ಬಳಿ ಎಲಾಸ್ಟಿಕ್ ಹೊಲಿಸುತ್ತೇನೆ, ನೈಲಾನ್ ದಾರ ನಾನೇ ಕೊಂಡೊಯ್ಯುತ್ತೇನೆ.